ಇಲ್ಲಿ ಗಂಟಲು ಕಟ್ಟಬೇಕು

ನನಗೆ ಹೇಸಿಗೆ ಅಷ್ಟು ಬೇಗ ಆಗುವುದಿಲ್ಲ. ಸೇಡಂ ರಸ್ತೆಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕಫ, ಕೀವು, ಮಲ, ಮೂತ್ರ, ಎಲ್ಲದರ ಮುಚ್ಚಳ ತೆಗೆದು ನೋಡಿ, ಕೈ ತೊಳೆದು, ಪಕ್ಕದ ಕೋಣೆಯಲ್ಲಿ ಬುತ್ತಿ ಬಿಚ್ಚಿ ಊಟ ಮಾಡಿದವಳು. ಮನುಷ್ಯನೊಬ್ಬನ ದನಿ ಕೇಳಿ ಹೊಟ್ಟೆ ತೊಳಸಿದ್ದು ಒಂದೇ ಸಲ. ಅದೂ ಭಾನುವಾರ ಬೆಳಿಗ್ಗೆ, ಆರಾಧನೆಯ ನಡುವೆ, ನಾನೇ ಬರೆದ ಮಾತುಗಳನ್ನು ಕೇಳುತ್ತಾ.

ಕಲಬುರಗಿಯ ನಮ್ಮ ಸಭೆ ದೊಡ್ಡದಲ್ಲ. ಇರುವವರು ಒಬ್ಬರೇ ಸಭಾಪಾಲಕರು; ಅವರ ಪಾಲಿಗೆ ನಗರದ ಚರ್ಚಿನ ಜೊತೆಗೆ ಸುತ್ತಲಿನ ನಾಲ್ಕೈದು ಊರುಗಳು. ಹೀಗಾಗಿ ಓದು ಬರಹ ಬಲ್ಲ ಸಭಿಕರನ್ನು ಊರುಗಳಿಗೆ ಪ್ರಸಂಗ, ಅಂದರೆ ಆರಾಧನೆಯ ಬೋಧನೆ, ಮಾಡಲು ಕಳಿಸುತ್ತಾರೆ. ನನ್ನ ಪಾಲಿಗೆ ಬಂದದ್ದು ಕಮಲಾಪುರ. ತಿಂಗಳಿಗೆ ಎರಡು ಭಾನುವಾರ ನಗರದ ಗಾಜಿಪುರ ಬಡಾವಣೆಯ ಮನೆಯಿಂದ ಹೊರಟು, ಬಸ್ಸು ಹಿಡಿದು ಹೋಗುತ್ತಿದ್ದೆ. ಅಲ್ಲಿ ತಗಡಿನ ಮಾಡಿನ ಒಂದು ಹಾಲ್, ಹಾಸಿದ ಜಮಖಾನೆ, ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು, ಎಲ್ಲ ಸೇರಿ ನಲವತ್ತು ಜನ.

ಬರೆಯುವುದು ನನಗೆ ಬರುತ್ತಿತ್ತು. ವಾರವಿಡೀ ಬರೆದು, ಹೊಡೆದು ಹಾಕಿ, ಮತ್ತೆ ಬರೆದು, ಎಂಟು ಹಾಳಿ ಮಾಡಿಕೊಂಡು ಹೋಗುತ್ತಿದ್ದೆ. ಹೋಗಿ ಓದುತ್ತಿದ್ದೆ. ತಲೆ ಎತ್ತಿದರೆ ಸಾಲು ತಪ್ಪೀತೆಂಬ ಭಯ. ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದು, ಮೊದಲ ಹಾಳಿಯಿಂದ ಎಂಟನೆಯದರವರೆಗೆ ಒಂದೇ ಉಸಿರು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ, ಮುಂದಿನ ಸಾಲಿನಲ್ಲಿ ಯಾವಾಗಲೂ ಗೋಡೆಗೆ ಒರಗಿ ಕೂರುತ್ತಿದ್ದ ಒಬ್ಬ ಮುದುಕಿ ನನ್ನ ಸೆರಗು ಹಿಡಿದಳು. ಊರವರೆಲ್ಲ ಅವಳನ್ನು ಆಯಿ ಎನ್ನುತ್ತಿದ್ದರು.

“ಮಗಳಾ, ಇಷ್ಟೊತ್ತು ಯಾರ ಜೋಡಿ ಮಾತಾಡ್ಲಾಕತ್ತಿದ್ದಿ?”

“ನಿಮ್ಮ ಜೋಡೀನೇ ಆಯಿ.”

“ನಮ್ಮ ಮಾರಿ ಒಮ್ಮೀನೂ ನೋಡ್ಲಿಲ್ಲಲ್ಲ. ಆ ಹಾಳಿಗಿ ಹೇಳ್ಲಾಕತ್ತಿದಿ ಅಂತ ನಾವು ಸುಮ್ಮ ಕುಂತಿವಿ.”

ಸುತ್ತ ನಿಂತ ಹೆಂಗಸರು ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ಕೂತ ಮೇಲೆ ನಗು ಹೋಗಿ ಮುಖ ಬಿಸಿಯಾಯಿತು.

ಅದೇ ಸಮಯಕ್ಕೆ ಕಲಬುರಗಿಯಲ್ಲಿ ನಮ್ಮಂಥವರಿಗೆ ಎರಡು ದಿನದ ತರಬೇತಿ ಇಟ್ಟರು. ಕಲಿಸಲು ಬಂದವರು ಬೇರೆ ಜಿಲ್ಲೆಯ ಒಬ್ಬ ಹಿರಿಯ ಪ್ರಸಂಗಿ. ನಾವು ಅವರನ್ನು ಅಯ್ಯನವರು ಎಂದೇ ಕರೆಯುತ್ತಿದ್ದೆವು. ಅರವತ್ತು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಾಲ್‌ನ ಕೊನೆಯವರೆಗೆ ಮೈಕ್ ಇಲ್ಲದೆ ತಲುಪುವ ದನಿ. ಅವರ ಪ್ರಸಂಗ ಕೇಳಲು ಜನ ಟೆಂಪೊ ಮಾಡಿಕೊಂಡು ಹೋಗುತ್ತಿದ್ದರು. ಕಾಗದ ನೋಡದೆ ಮಾತಾಡುತ್ತಾರೆ ಎಂದೇ ಅವರು ಹೆಸರಾಗಿದ್ದರು.

ಮೊದಲ ದಿನ ಅವರು ಹೇಳಿದ್ದು ನನಗೆ ಆಶ್ಚರ್ಯ ತಂದಿತು. “ನಾ ಪ್ರತಿ ಪ್ರಸಂಗಾನೂ ಪೂರ್ತಿ ಬರೀತೀನ್ರಿ. ಒಂದು ಶಬ್ದಾನೂ ಬಿಡಂಗಿಲ್ಲ. ಕಾಗದ ಎದುರಿಗೇ ಇರ್ತದ. ಆದ್ರ ನಿಮಗ ಕಾಣಂಗಿಲ್ಲ.”

ಆ ಮನುಷ್ಯನ ಬಗ್ಗೆ ಈಗ ನನಗಿರುವ ಅಸಹ್ಯವೆಲ್ಲ ಪಕ್ಕಕ್ಕಿಟ್ಟು ಹೇಳುತ್ತೇನೆ, ಅವರು ಕಲಿಸಿದ್ದೆಲ್ಲ ಸರಿಯಾಗಿಯೇ ಇತ್ತು. ನನ್ನ ಎಂಟು ಹಾಳಿಗಳನ್ನು ಎತ್ತಿ ಹಿಡಿದು, ಇದು ಕಣ್ಣಿಗೆ ಬರೆದದ್ದು, ಕಿವಿಗಲ್ಲ ಎಂದರು. ‘ಆದಾಗ್ಯೂ’, ‘ಪರಿಣಾಮವಾಗಿ’ ಎಂಬಂಥ ಮಾತುಗಳನ್ನೆಲ್ಲ ಹೊಡೆಸಿ, ಮನೆಯಲ್ಲಿ ಆಡುವ ಮಾತು ಹಾಕಿಸಿದರು. ಅಕ್ಷರ ದೊಡ್ಡದಾಗಿರಬೇಕು. ಒಂದು ಸಾಲಿಗೆ ಒಂದೇ ವಿಚಾರ; ಉಸಿರು ನಿಲ್ಲುವಲ್ಲಿ ಸಾಲು ಮುರಿಯಬೇಕು. ಹಾಳಿಯ ಕೆಳಗಿನ ಭಾಗ ಖಾಲಿ ಬಿಡಬೇಕು, ಇಲ್ಲದಿದ್ದರೆ ಕೆಳಗೆ ಹೋದಂತೆ ಗದ್ದ ಎದೆಗೆ ತಾಗುತ್ತದೆ. ಹಾಳಿ ಮಗುಚಿ ಹಾಕದೆ ಪಕ್ಕಕ್ಕೆ ಸರಿಸಬೇಕು. ಮನೆಯಲ್ಲಿ ನಿಂತುಕೊಂಡು, ದನಿ ತೆಗೆದು, ಐದಾರು ಸಲ ಓದಬೇಕು. ಬಾಯಿಪಾಠ ಬೇಡ, ಬಾಯಿಪಾಠದವನ ಕಣ್ಣು ಜನರ ಮೇಲಿದ್ದರೂ ನೋಟ ಒಳಗಿನ ಹಾಳಿಯ ಮೇಲೇ ಇರುತ್ತದೆ. ಮೊದಲ ಮಾತು ಮತ್ತು ಕೊನೆಯ ಮಾತು ಮಾತ್ರ ಬಾಯಲ್ಲಿರಲಿ.

“ಕೆಳಗ ನೋಡ್ರಿ, ಬಾಯಿ ಮುಚ್ಚಿರ್ಲಿ. ಒಂದು ಸಾಲು ಕಣ್ಣಾಗ ತಗೋರಿ. ತಲಿ ಎತ್ರಿ. ಒಬ್ಬರ ಮಾರಿ ಹುಡುಕ್ರಿ. ಅವರಿಗಿ ಹೇಳ್ರಿ. ಮುಗಿಯೋತನಕ ಕಣ್ಣು ತೆಗೀಬ್ಯಾಡ್ರಿ,” ಎಂದರು. “ಕಾಗದಕ್ಕ ಮಾತಾಡಬ್ಯಾಡ್ರಿ, ಅದಕ್ಕ ಕಿವಿ ಇಲ್ಲ.”

ಆಯಿಯ ಮಾತನ್ನೇ ಇವರೂ ಹೇಳಿದಾಗ ನನಗೆ ಇವರ ಮೇಲೆ ನಂಬಿಕೆ ಬಂತು.

ಎರಡನೆಯ ದಿನ ಪ್ರತಿಯೊಬ್ಬರೂ ತಾವು ಬರೆದ ಪ್ರಸಂಗದ ಒಂದು ತುಣುಕು ಹೇಳಬೇಕಿತ್ತು. ನಾನು ಕ್ಷಮೆಯ ಮೇಲೆ ಬರೆಯುತ್ತಿದ್ದ ಪ್ರಸಂಗ ತಂದಿದ್ದೆ. ಅದರ ನಡುವೆ ನಮ್ಮ ಅಪ್ಪನ ಕತೆ ಇತ್ತು.

ಅಪ್ಪ ಶಾಲೆಯ ಮಕ್ಕಳ ಅಂಗಿ ಚಡ್ಡಿ ಹೊಲಿಯುವ ದರ್ಜಿ. ಗಾಜಿಪುರದ ಮನೆಯನ್ನು ಪಾಲು ಮಾಡುವಾಗ ನಡುಗೋಡೆಯ ವಿಷಯಕ್ಕೆ ದೊಡ್ಡಪ್ಪನ ಜೊತೆ ಜಗಳವಾಗಿ, ಒಂಬತ್ತು ವರ್ಷ ಇಬ್ಬರಿಗೂ ಮಾತಿರಲಿಲ್ಲ. ದೊಡ್ಡಪ್ಪ ದವಾಖಾನೆ ಸೇರಿದಾಗ ಅಪ್ಪ ದಿನಾ ಬೆಳಿಗ್ಗೆ ಜೋಳದ ನುಚ್ಚಿನ ಗಂಜಿ ಮಾಡಿಸಿ, ಡಬ್ಬಿಯಲ್ಲಿ ಹಾಕಿಕೊಂಡು ಹೋಗುತ್ತಿದ್ದ. ವಾರ್ಡಿನ ಬಾಗಿಲಲ್ಲಿ ಆಯಾಳ ಕೈಗೆ ಡಬ್ಬಿ ಕೊಟ್ಟು, ಯಾರು ಕೊಟ್ಟರೆಂದು ಹೇಳಬೇಡ ಎಂದು, ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದ. ಡಬ್ಬಿ ತೊಳೆದು ವಾಪಸ್ ಬರುತ್ತಿತ್ತು. ಹದಿನಾಲ್ಕು ದಿನ ಹೀಗೆ ನಡೆಯಿತು. ಹದಿನೈದನೆಯ ದಿನ ದೊಡ್ಡಪ್ಪ ತೀರಿಕೊಂಡ. ಆಗ ಆಯಾ ಹೇಳಿದಳು: ಡಬ್ಬಿ ತೊಳೆಯುತ್ತಿದ್ದವನು ಅವನೇ; ಇದು ನನ್ನ ತಮ್ಮನ ಮನೆಯ ಡಬ್ಬಿ, ಎಂಜಲು ಕಳಿಸಬಾರದು ಎನ್ನುತ್ತಿದ್ದ. ಗೋಡೆಯ ಆ ಕಡೆ ಒಬ್ಬ, ಈ ಕಡೆ ಒಬ್ಬ, ಇಬ್ಬರಿಗೂ ಗೊತ್ತಿತ್ತು.

ಇದು ಹೊಗಳಿಕೆಯ ಕತೆಯಲ್ಲ. ಅಪ್ಪ ಸಾಯುವವರೆಗೂ ಆ ಬೆಂಚಿನ ಮೇಲೆಯೇ ಕೂತಿದ್ದ ಎಂದು ನನಗನ್ನಿಸುತ್ತದೆ. ಬರೆಯಬೇಕೋ ಬೇಡವೋ ಎಂದು ಬಹಳ ದಿನ ಹಿಂಜರಿದು ಬರೆದಿದ್ದೆ. ಅದರ ಮುಖ್ಯ ಸಾಲು ಇಷ್ಟೇ: ‘ನಮ್ಮಪ್ಪ ಬಾಗಿಲ ತನಕ ಹೋದ. ಒಳಗೆ ಹೋಗಲಿಲ್ಲ.’

ತರಬೇತಿಯಲ್ಲಿ ನಾನು ಅದನ್ನು ಹೇಳಿದಾಗ ಅಯ್ಯನವರು ಕೈ ಎತ್ತಿ ನಿಲ್ಲಿಸಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರನ್ನು, “ಇವರಪ್ಪ ಒಳಗ ಹೋದ್ನೋ ಇಲ್ಲೋ?” ಎಂದು ಕೇಳಿದರು.

“ಹೋದ ಅಂತ ಕೇಳ್ಸ್ತ್ರಿ.”

“ನೋಡಿದ್ರಾ ಸಿಸ್ಟರ್? ನಮ್ಮ ಕನ್ನಡದಾಗ ಕ್ರಿಯಾಪದ ಕೊನಿಗಿ ಬರ್ತದ. ಹೌದೋ ಅಲ್ಲೋ ಅನ್ನೋದು ಕೊನೇ ಅಕ್ಷರದಾಗ ಇರ್ತದ. ನೀವು ಮುಂದಿನ ಸಾಲು ನೋಡ್ಲಾಕ ಮೊದ್ಲೇ ತಲಿ ಬಗ್ಗಿಸ್ತೀರಿ, ದನಿ ಕಾಗದದಾಗ ಬೀಳ್ತದ, ‘ಲಿಲ್ಲ’ ಅನ್ನೋದು ನುಂಗಿ ಹೋಗ್ತದ. ಜನ ನಿಮ್ಮಪ್ಪನ್ನ ಒಳಗ ಕಳಿಸಿ ಮನಿಗಿ ಹೋಗ್ತಾರ. ಪೂರ್ತಿ ಹೇಳ್ರಿ. ಬಾಯಿ ಮುಚ್ರಿ. ನಿಲ್ರಿ. ಆಮ್ಯಾಲೆ ತಲಿ ಬಗ್ಗಿಸ್ರಿ.”

ನಾಲ್ಕು ಸಲ ಹೇಳಿಸಿದರು. ನಾಲ್ಕನೆಯ ಸಲ ಆ ನಿಲುಗಡೆಯಲ್ಲಿ ಹಾಲ್‌ನೊಳಗೆ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಮೂವತ್ತು ಜನ ನನ್ನ ಮುಖ ನೋಡುತ್ತಿದ್ದರು. ಜನ ಹಾಗೆ ಕೇಳುತ್ತಾರೆಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಸಂಜೆ ಹೊರಡುವಾಗ ಅವರು ನನ್ನನ್ನು ಕರೆದರು. “ನಿಮ್ಮ ಬರಹ ಭಾಳ ಚಲೋ ಅದ. ಪೂರ್ತಿ ಪ್ರಸಂಗ ಕೊಡ್ರಿ, ತಿದ್ದಿ ಕಳಿಸ್ತೀನಿ.” ನಾನು ಎದುರಿನ ಅಂಗಡಿಯಲ್ಲಿ ಝೆರಾಕ್ಸ್ ಮಾಡಿಸಿ, ಎರಡೂ ಕೈಯಿಂದ ಕೊಟ್ಟೆ. ಧನ್ಯವಾದವನ್ನೂ ಹೇಳಿದೆ.

ಮುಂದಿನ ಎರಡು ತಿಂಗಳು ನಾನು ಬೇರೆ ಪ್ರಸಂಗಗಳ ಮೇಲೆ ಅಭ್ಯಾಸ ಮಾಡಿದೆ. ಅಡುಗೆಮನೆಯ ಕಿಟಕಿ, ಫ್ರಿಜ್, ಬಾಗಿಲು, ಇವೇ ನನ್ನ ಮೂವರು ಸಭಿಕರು. ಒಂದು ವಿಚಾರ ಕಿಟಕಿಗೆ, ಇನ್ನೊಂದು ಫ್ರಿಜ್‌ಗೆ. ಟೇಬಲ್ ಫ್ಯಾನ್ ತಿರುಗಿದಂತೆ ತಲೆ ತಿರುಗಿಸಬಾರದೆಂದು ಕಲಿತೆ. ಕೈಗೆ ಕೆಲಸವಿಲ್ಲದಾಗ ಸುಮ್ಮನೆ ಇಳಿಬಿಡುವುದನ್ನೂ, ಬೇಕಾದಾಗ ಮಾತಿನ ಹಿಂದೆ ಓಡದೆ ಮಾತಿನ ಜೊತೆಗೇ ಎತ್ತುವುದನ್ನೂ ಕಲಿತೆ. ಕಮಲಾಪುರದ ಜನ ಎದ್ದು ಕೂತರು. ಆಯಿ ಈಗ ಗೋಡೆಗೆ ಒರಗುತ್ತಿರಲಿಲ್ಲ. ಅಪ್ಪನ ಪ್ರಸಂಗವನ್ನು ಮಾತ್ರ ತಿದ್ದಿದ ಪ್ರತಿ ಬರಲೆಂದು ಕಾದಿಟ್ಟಿದ್ದೆ. ಅದು ಬರಲಿಲ್ಲ.

ಬಂದದ್ದು ಅಯ್ಯನವರೇ. ಕಮಲಾಪುರದಲ್ಲಿ ವಿಶೇಷ ಆರಾಧನೆ, ಅವರದೇ ಪ್ರಸಂಗ ಎಂದು ನಮ್ಮ ಸಭಾಪಾಲಕರು ತಿಳಿಸಿದಾಗ ನನಗೆ ನಿಜವಾಗಿ ಸಂತೋಷವಾಗಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಡಜನ್ ಕೆಂಪು ಬಾಳೆಹಣ್ಣು ಕೊಂಡು, ಅವರಿಗೆ ಕೊಡಲೆಂದು ಚೀಲದಲ್ಲಿಟ್ಟುಕೊಂಡು ಹೋದೆ. ಅಂದು ನೂರಕ್ಕೂ ಹೆಚ್ಚು ಜನ. ಹೊರಗೆ ಶಾಮಿಯಾನ ಹಾಕಿದ್ದರು. ನಾನು ಆಯಿಯ ಪಕ್ಕದಲ್ಲಿ ಕೂತೆ.

ಅವರು ಎದ್ದು ಬಂದು, ಏನೂ ಹೇಳದೆ, ಸಭೆಯನ್ನು ಒಮ್ಮೆ ನೋಡಿದರು. ಗದ್ದಲ ತಾನಾಗಿ ಇಳಿಯಿತು. ಆಮೇಲೆ, ಪಕ್ಕದ ಮನೆಯವರ ಜೊತೆ ಮಾತಾಡುವ ದನಿಯಲ್ಲಿ, “ನಮ್ಮ ಮನಿಯಾಗ ಒಂದು ನಡುಗೋಡಿ ಇತ್ತು,” ಎಂದರು.

ಅದು ನನ್ನ ಮೊದಲ ಸಾಲು.

ಉದಾಹರಣೆಯಾಗಿ ಹೇಳಿ, ಆಮೇಲೆ ನನ್ನ ಹೆಸರು ಹೇಳುತ್ತಾರೆಂದುಕೊಂಡೆ. ಎರಡನೆಯ ಸಾಲೂ ನನ್ನದೇ ಬಂತು. ಮೂರನೆಯದೂ. “ನಮ್ಮಪ್ಪ ದರ್ಜಿ,” ಎಂದರು. ಎದೆಯ ಮೇಲೆ ಕೈ ಇಟ್ಟುಕೊಂಡೇ ಹೇಳಿದರು.

ಅಷ್ಟು ಚೆನ್ನಾಗಿ ಆ ಪ್ರಸಂಗವನ್ನು ನಾನು ಎಂದೂ ಹೇಳಲಾರೆ. ಅದನ್ನೂ ಒಪ್ಪಿಕೊಳ್ಳಬೇಕು. ತಲೆ ಬಗ್ಗುವುದೇ ಕಾಣುತ್ತಿರಲಿಲ್ಲ. ನೆನಪು ಮಾಡಿಕೊಳ್ಳುವವರಂತೆ ಕಣ್ಣು ಕೆಳಗೆ ಹೋಗುತ್ತಿತ್ತು. ಹಾಳಿಯನ್ನು ನೋಡುತ್ತಿದ್ದಾರೆಂದು ನನ್ನೊಬ್ಬಳಿಗೇ ಗೊತ್ತು. ತಲೆ ಎತ್ತಿದಾಗ ಒಬ್ಬರ ಮೇಲೆ ನೋಟ. ಗಂಜಿಯ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಂತೆ ಹಿಡಿದರು. ಆಯಾಳಿಗೆ ಕೊಟ್ಟದ್ದು ಸಭೆಯ ಬಲಗಡೆ, ವಾಪಸ್ ತೆಗೆದುಕೊಂಡದ್ದೂ ಅದೇ ಬಲಗಡೆಯಿಂದ. ಬಾಗಿಲು ಎಲ್ಲಿದೆ ಎಂದು ನೂರು ಜನರಿಗೂ ಕಂಡಿತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳತೊಡಗಿದರು.

ಕೊನೆಗೆ ಆ ಸಾಲು ಬಂತು. “ನಮ್ಮಪ್ಪ ಬಾಗಲ ತನಕ ಹೋದ…” ನಿಂತರು. ಗಂಟಲಿನ ಮಣಿ ಮೇಲೆ ಕೆಳಗೆ ಆಯಿತು. ದನಿ ಒಡೆಯಿತು. “ಹದಿನಾಲ್ಕನೇ ದಿನ, ಒಳಗ ಹೋದ. ಅಣ್ಣನ್ನ ಅಪ್ಪಿಕೊಂಡ.”

ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆಯೇ ನನಗೆ ಅಸಹ್ಯ. ಅದು ಸುಳ್ಳೆಂದು ಆ ಸಭೆಯಲ್ಲಿ ಬಲ್ಲವಳು ನಾನೊಬ್ಬಳೇ, ಆದರೂ ಆ ದನಿ ನನ್ನ ಕಣ್ಣಿಗೆ ಕೈ ಹಾಕಿ ನೀರು ತೆಗೆಯಿತು. ಒಂದು ಗಳಿಗೆ ಅಪ್ಪ ಒಳಗೆ ಹೋಗಿದ್ದನ್ನು ಕಂಡೆ. ಮರುಗಳಿಗೆ ಎದ್ದು ಹೊರಗೆ ಹೋಗಿ, ನಳದ ಹತ್ತಿರ ವಾಂತಿ ಮಾಡಿದೆ.

ಊಟಕ್ಕೆ ಎಲ್ಲರೂ ಶಾಮಿಯಾನಕ್ಕೆ ಹೋದ ಮೇಲೆ ಹಾಲ್‌ಗೆ ಬಂದೆ. ಹಾಳಿಗಳು ಮೇಜಿನ ಮೇಲೆಯೇ ಇದ್ದವು. ನನ್ನದೇ ಅಕ್ಷರದ ಝೆರಾಕ್ಸ್. ಕೆಂಪು ಶಾಯಿಯಲ್ಲಿ ಗುರುತುಗಳು: ಒಂದು ಗೀಟು ಅಂದರೆ ಸಣ್ಣ ನಿಲುಗಡೆ, ಎರಡು ಅಂದರೆ ದೊಡ್ಡದು. ‘ದನಿ ಇಳಿಸು.’ ‘ಹೆಂಗಸರ ಕಡೆ.’ ‘ಕೈ ಎದೆಗೆ.’ ಕೊನೆಯ ಹಾಳಿಯಲ್ಲಿ ‘ಹೋಗಲಿಲ್ಲ’ ಎಂಬುದನ್ನು ಹೊಡೆದು, ಮೇಲೆ ‘ಹೋದ, ಅಪ್ಪಿಕೊಂಡ’ ಎಂದು ಬರೆದು, ಅಂಚಿನಲ್ಲಿ ಚೌಕ ಹಾಕಿ: ‘ಇಲ್ಲಿ ಗಂಟಲು ಕಟ್ಟಬೇಕು. ಮೂರು ಎಣಿಸು.’

ಕಫದ ಡಬ್ಬಿಯನ್ನು ಹಿಡಿದಂತೆ ಆ ಹಾಳಿಗಳನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹೊರಗೆ ಬಂದೆ. ಅಯ್ಯನವರು ಪಡಸಾಲೆಯ ಕುರ್ಚಿಯ ಮೇಲೆ ಕೂತು ಕೈ ಒರೆಸಿಕೊಳ್ಳುತ್ತಿದ್ದರು.

“ಅಯ್ಯನವರ, ಇದು ನಮ್ಮಪ್ಪನ ಕತಿ.”

ಅವರು ಹಾಳಿ ನೋಡಿದರು, ನನ್ನ ಮುಖ ನೋಡಿದರು. ಮುಜುಗರವೇನೂ ಕಾಣಲಿಲ್ಲ. “ಹೌದಲ್ಲ ಸಿಸ್ಟರ್, ನೀವೇ ಕೊಟ್ಟಿದ್ದಿರಿ. ಎಷ್ಟು ಕೆಲಸ ಮಾಡ್ತು ನೋಡಿದ್ರಿಲ್ಲ?”

“ನಿಮ್ಮಪ್ಪ ಅಂದ್ರಿ.”

“ಬ್ಯಾರೆಯವರ ಅಪ್ಪ ಅಂದ್ರ ಜನ ಅಳಂಗಿಲ್ಲ.”

“ಒಳಗ ಹೋದ ಅಂದ್ರಿ. ಅವ ಹೋಗಿಲ್ಲ.”

ಅವರು ನನ್ನ ಕಣ್ಣಲ್ಲಿ ಕಣ್ಣಿಟ್ಟು, ಒಂದು ನಿಲುಗಡೆ ಕೊಟ್ಟು, ದನಿ ಇಳಿಸಿ ಹೇಳಿದರು: “ಮಾತು ದೇವರದು, ಮಗಳ. ನಂದೂ ಅಲ್ಲ, ನಿಂದೂ ಅಲ್ಲ.”

ಎರಡು ಗೀಟಿನ ನಿಲುಗಡೆ ಅದು. ನನಗೆ ಗುರುತು ಹತ್ತಿತು. ನನ್ನ ಜೊತೆಗೂ ಅದೇ ಆಟ. ಆ ಮನುಷ್ಯನಿಗೆ ಅಭಿನಯವಿಲ್ಲದ ಮಾತು ಒಂದಾದರೂ ಉಳಿದಿದೆಯೋ ಇಲ್ಲವೋ ಎಂದುಕೊಂಡು, ಹಾಳಿಗಳನ್ನು ಮಡಚಿಕೊಂಡು ಬಂದೆ. ಸಭಾಪಾಲಕರಿಗೆ ಹಾಳಿ ತೋರಿಸಿದರೆ ಅವರು ಆಚೀಚೆ ನೋಡಿ, “ಬಿಡ್ರಿ ಸಿಸ್ಟರ್, ದೊಡ್ಡವರು. ಜನಕ್ಕ ಆಶೀರ್ವಾದ ಆಯ್ತಲ್ಲ,” ಎಂದರು. ಬಾಳೆಹಣ್ಣನ್ನು ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸಿನ ಮಕ್ಕಳಿಗೆ ಕೊಟ್ಟೆ.

ಅದಾದ ಮೇಲೆ ನನಗೆ ಪ್ರಸಂಗವೇ ಆಗದಾಯಿತು. ತಲೆ ಎತ್ತಿ ಒಬ್ಬರ ಮುಖ ನೋಡಿದರೆ, ಅದು ಅಯ್ಯನವರ ನೋಟವೆನಿಸುತ್ತಿತ್ತು. ನಿಂತರೆ, ಒಳಗೆ ಯಾರೋ ಒಂದು, ಎರಡು, ಮೂರು ಎಣಿಸುತ್ತಿದ್ದರು. ನನ್ನ ಕೈ ಮೇಲೆದ್ದರೆ ಅದನ್ನು ಕತ್ತರಿಸಿ ಹಾಕಬೇಕೆನಿಸುತ್ತಿತ್ತು. ಓದುವುದೇ ಪ್ರಾಮಾಣಿಕ ಎಂದು ತೀರ್ಮಾನಿಸಿ, ಮುಂದಿನ ಸಲ ಕಮಲಾಪುರದಲ್ಲಿ ತಲೆ ತಗ್ಗಿಸಿ, ಮೇಜು ಹಿಡಿದು, ಒಂದೇ ಉಸಿರಿಗೆ ಓದಿ ಮುಗಿಸಿದೆ. ಆಯಿ ಮತ್ತೆ ಗೋಡೆಗೆ ಒರಗಿದಳು.

“ಏನಾಗ್ಯಾದ ನಿನಗ?” ಎಂದಳು ಆಮೇಲೆ. “ಮತ್ತ ಹಾಳಿ ಜೋಡಿ ಮಾತು ಚಾಲೂ ಮಾಡ್ದಿ.”

“ಆಯಿ, ಮಾರಿ ನೋಡಿ ಸುಳ್ಳು ಹೇಳೋದಕ್ಕಿಂತ ಹಾಳಿ ನೋಡಿ ಖರೆ ಹೇಳೋದು ಚಲೋ.”

“ಯಾರು ಸುಳ್ಳು ಹೇಳಿದ್ರು?”

ಆಯಿ ಕಾಲು ನೀವಿಕೊಳ್ಳುತ್ತಾ, “ಆ ದೊಡ್ಡವರಾ?” ಎಂದಳು. “ನಾನೂ ಅತ್ತೆ ಅವತ್ತು. ಮನಿಗಿ ಹೋಗಿ ಕುಂತ ಮ್ಯಾಲೆ ಅನಿಸ್ತು, ಇದು ಆಗೂ ಮಾತಲ್ಲ ಅಂತ. ನಮ್ಮಕ್ಕ ಇದೇ ಓಣಿಯಾಗ ಇದ್ದಳು. ಹನ್ನೆರಡು ವರ್ಷ ಅಕಿ ಜೋಡಿ ಮಾತಾಡಿಲ್ಲ ನಾ. ಅಕಿ ಹಾಸಿಗಿ ಹಿಡದಾಗ ದಿನಾ ಅಕಿ ಮನಿ ಮುಂದಿಂದ ನೀರಿಗಿ ಹೋಗ್ತಿದ್ದೆ. ಆ ಬಾಗಿಲು ದಾಟ್ಲಾಕ ಆಗಲಿಲ್ಲ ನೋಡು. ಅವರಪ್ಪ ಒಮ್ಮಿಗೇ ಒಳಗ ಹೋಗಿ ಅಪ್ಪಿಕೊಂಡ ಅಂದ್ರ… ಹಂಗ ಆಗಂಗಿಲ್ಲವ್ವ.”

ಆಗ ನಾನು ಹೇಳಿದೆ. ಅದು ಅವರಪ್ಪನಲ್ಲ, ನಮ್ಮಪ್ಪ. ಒಳಗೆ ಹೋಗಲಿಲ್ಲ. ಬೆಂಚಿನ ಮೇಲೆ ಕೂತಿದ್ದ. ಹಾಳಿ ಇರಲಿಲ್ಲ, ಆಯಿಯ ಮುಖ ನೋಡುತ್ತಾ, ಮಾತು ಸಿಗದಿದ್ದಲ್ಲಿ ನಿಲ್ಲುತ್ತಾ, ಡಬ್ಬಿ ಎಷ್ಟು ದೊಡ್ಡದಿತ್ತೆಂದು ಕೈಯಿಂದ ತೋರಿಸುತ್ತಾ ಹೇಳಿದೆ. ಹೇಳಿ ಮುಗಿಸಿದ ಮೇಲೆ ನನಗೆ ಹೊಳೆಯಿತು: ಅಯ್ಯನವರು ಕಲಿಸಿದ್ದನ್ನೆಲ್ಲ ನಾನು ಹುಟ್ಟಿದಾಗಿನಿಂದ ಮಾಡುತ್ತಲೇ ಬಂದಿದ್ದೇನೆ, ಮೇಜಿನ ಹಿಂದೆ ನಿಂತಾಗ ಮಾತ್ರ ಮರೆಯುತ್ತಿದ್ದೆ. ಅವರು ಕದ್ದದ್ದು ಕತೆಯನ್ನಷ್ಟೇ ಅಲ್ಲ. ಎಲ್ಲರೂ ಮನೆಯಲ್ಲಿ ಪುಕ್ಕಟೆ ಬಳಸುವುದನ್ನೂ ಕದ್ದು, ಇದು ನನ್ನದು ಎಂದು ಅಂಗಡಿ ಇಟ್ಟಿದ್ದರು.

“ಇದನ್ನ ಅಲ್ಲಿ ನಿಂತು ಹೇಳು,” ಎಂದಳು ಆಯಿ, ಮೇಜಿನ ಕಡೆ ಗದ್ದ ಎತ್ತಿ.

ಹದಿನೈದು ದಿನದ ಮೇಲೆ ಹೇಳಿದೆ. ಹೊಸದಾಗಿ ಬರೆದೆ, ದೊಡ್ಡ ಅಕ್ಷರದಲ್ಲಿ, ಒಂದು ಸಾಲಿಗೆ ಒಂದು ವಿಚಾರ. ನಿಲ್ಲುವ ಕಡೆ ಗೀಟು ಹಾಕಲಿಲ್ಲ. ಸಾಲು ಮುರಿದಲ್ಲಿ ಉಸಿರು ತಾನೇ ನಿಲ್ಲುತ್ತದೆ. ಅಳುವಂತೆ ಮಾಡುವ ಒಂದು ಶಬ್ದವೂ ಬೇಡವೆಂದು ಎರಡು ಸಲ ಹೊಡೆದು ಹಾಕಿದೆ. ಆ ದಿನ ಮುಖಗಳನ್ನು ನೋಡಿದೆ, ಆದರೆ ‘ಬಾಗಿಲ ತನಕ ಹೋದ’ ಎನ್ನುವಾಗ ಬೇಕೆಂದೇ ಆಯಿಯ ಕಡೆ ನೋಡಲಿಲ್ಲ. ಅವಳ ಗಾಯದ ಮೇಲೆ ಎಲ್ಲರೆದುರು ಕಣ್ಣಿಡುವುದು ಬೇಡವಾಗಿತ್ತು. ಹಿಂದಿನ ಗೋಡೆಗೆ ಹತ್ತಿರ ಕೂತಿದ್ದ ಒಬ್ಬ ಯಜಮಾನರ ಮುಖ ಆರಿಸಿಕೊಂಡೆ. ದನಿಯನ್ನು ಅವರವರೆಗೆ ಕಳಿಸಿ, “ಒಳಗ ಹೋಗಲಿಲ್ಲ,” ಎಂದೆ. ಗಂಟಲು ಕಟ್ಟಲಿಲ್ಲ. ಬಾಯಿ ಮುಚ್ಚಿ ನಿಂತೆ. ಎಷ್ಟು ಎಣಿಸಿದ್ದಾಯಿತೋ ಗೊತ್ತಿಲ್ಲ, ಎಣಿಸಲಿಲ್ಲ.

ಯಾರೂ ಅಳಲಿಲ್ಲ. ಕೆಲವರು ತಲೆ ತಗ್ಗಿಸಿದರು. ಆರಾಧನೆ ಮುಗಿದ ಮೇಲೆ ಅದೇ ಯಜಮಾನರು ನನ್ನ ಹತ್ತಿರ ಬಂದರು. “ಸಿಸ್ಟರ್, ಆ ದೊಡ್ಡ ಅಯ್ಯನವರ ಪ್ರಸಂಗ ಕಾಪಿ ಮಾಡೀರಲ್ಲ? ಮಾಡ್ರಿ, ತಪ್ಪಿಲ್ಲ. ಆದ್ರ ಕೊನಿಗಿ ಕೆಡಿಸಿದ್ರಿ. ಅಪ್ಪಿಕೊಂಡಿದ್ದು ಎಷ್ಟು ಛಂದ ಇತ್ತು!”

ಇದು ನನ್ನದು ಎಂದರೆ ನಂಬುವವರಲ್ಲ ಅವರು. ಸಾಕ್ಷಿಗೆ ಆ ಕೆಂಪು ಶಾಯಿಯ ಹಾಳಿ ತೋರಿಸಲು ಮನಸ್ಸು ಬರಲಿಲ್ಲ. ಆಯಿಯೇ ಅವರ ಮೇಲೆ ಹರಿಹಾಯ್ದಳು: “ಏ, ಸುಮ್ಮ ನಡಿ. ಅವರ ಮಾತಿಗಿ ಅತ್ತು ಮನಿಗಿ ಹೋಗಿ ಉಂಡಿ ನೀ. ಇಕಿ ಮಾತಿಗಿ ಉಣ್ಲಾಕಾಗಂಗಿಲ್ಲ, ನೋಡು.” ಅವರು ನಕ್ಕು ಹೋದರು. ಆಯಿ ಎದ್ದು, ಸೆರಗು ಸರಿಮಾಡಿಕೊಂಡು, ತನ್ನ ಓಣಿಯ ಕಡೆ ನಡೆದಳು. ಅವಳು ಎಲ್ಲಿಗೆ ಹೋದಳೆಂದು ನಾನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ಅವಳ ಅಕ್ಕ ತೀರಿಕೊಂಡು ಎಷ್ಟೋ ವರ್ಷವಾಗಿತ್ತು.

ಈಗಲೂ ಕಮಲಾಪುರಕ್ಕೆ ಹೋಗುತ್ತೇನೆ. ಜನರ ಮುಖ ನೋಡಿ ಹೇಳುತ್ತೇನೆ, ನಿಲ್ಲಬೇಕಾದಲ್ಲಿ ನಿಲ್ಲುತ್ತೇನೆ. ಚೆನ್ನಾಗಿ ಹೇಳಿದಿರಿ ಎಂದು ಯಾರಾದರೂ ಹೊಗಳಿದರೆ ಮೈಮೇಲೆ ಹುಳು ಹರಿದಂತಾಗುತ್ತದೆ. ಏನು ಕೇಳಿಸಿತು ಹೇಳಿ ಎಂದು ತಿರುಗಿ ಕೇಳುತ್ತೇನೆ. ಹೇಳಲು ಬಂದರೆ ಸಮಾಧಾನ.

ಅಯ್ಯನವರು ಆ ಪ್ರಸಂಗವನ್ನು ಊರೂರಿಗೆ ಒಯ್ದರು. ಯಾರೋ ಮೊಬೈಲಿನಲ್ಲಿ ಹಿಡಿದ ಅದರ ತುಣುಕು ಹೋದ ವರ್ಷ ಬೀದರದಲ್ಲಿರುವ ನನ್ನ ತಮ್ಮನಿಂದ ನನ್ನ ಫೋನಿಗೆ ಬಂತು. ಅಪ್ಪ ದವಾಖಾನೆಯ ಬೆಂಚಿನ ಮೇಲೆ ಕೂತಿದ್ದ ದಿನಗಳಲ್ಲಿ ತಮ್ಮನಿಗೆ ಆರು ವರ್ಷ. ಅವನು ಫೋನ್ ಮಾಡಿ, “ಅಕ್ಕಾ, ಥೇಟ್ ನಮ್ಮ ಮನಿ ಕತಿ ಅದಲ್ಲ? ನಮ್ಮಪ್ಪನೂ ಹಿಂಗೇ ಒಳಗ ಹೋಗಿ ದೊಡ್ಡಪ್ಪನ್ನ ಅಪ್ಪಿಕೊಂಡಿದ್ನಲ್ಲ?” ಎಂದ.

ನಾನು ನಡೆದದ್ದೆಲ್ಲ ಹೇಳಿದೆ. ಪ್ರಸಂಗ ಯಾರದು, ಕತೆ ಯಾರದು, ಕೊನೆ ಹೇಗೆ ಬದಲಾಯಿತು, ಎಲ್ಲ.

“ಇರ್ಲಿ ಬಿಡಕ್ಕ,” ಎಂದ ಕೊನೆಗೆ. “ನನಗ ಇದೇ ಚಲೋ ಅನಸ್ತದ.”

ಆ ವಿಡಿಯೊ ಅವನು ಅಳಿಸಿಲ್ಲ. ಮಕ್ಕಳಿಗೂ ತೋರಿಸಿದ್ದಾನಂತೆ, ನಿಮ್ಮ ಅಜ್ಜ ಹೀಗಿದ್ದ ಎಂದು.